ಮೀನಖಂಡ ಹಿಡಿದ ರಾತ್ರಿಗಳು

ನಮ್ಮ ಮನೆಯವರು ಹದಿನೇಳು ವರ್ಷ ಬೆಂಕಿ ಆರಿಸಿದರು. ಅಗ್ನಿಶಾಮಕ ಠಾಣೆಯಲ್ಲಿ ಗುತ್ತಿಗೆ ಆಳು. ಉರಿಯುವ ಮನೆಯೊಳಗೆ ನುಗ್ಗುವಾಗ ಗುತ್ತಿಗೆಯೋ ಖಾಯಮ್ಮೋ ಎಂದು ಯಾರೂ ಕೇಳುವುದಿಲ್ಲ. ಹೊರಗೆ ಬಂದ ಮೇಲೆ ಮಾತ್ರ ಕೇಳುತ್ತಾರೆ. ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ಅವರ ಸಮವಸ್ತ್ರದ ಮೊಣಕಾಲಿಗೆ ಎಷ್ಟು ತೇಪೆ ಹಾಕಿದ್ದೇನೆಂದರೆ, ಅದರಲ್ಲಿ ಮೂಲ ಬಟ್ಟೆ ಯಾವುದು ಎಂದು ನನಗೇ ಗೊತ್ತಿಲ್ಲ.

ಅವರಿಗೆ ನಲವತ್ತನಾಲ್ಕು ತುಂಬಿದ ವರ್ಷ ನೋಟಿಸು ಬಂತು. ಖಾಯಂ ಮಾಡಲು ದೇಹ ಪರೀಕ್ಷೆ ನಡೆಸುತ್ತಾರೆ, ವಯಸ್ಸಿನ ಮಿತಿ ನಲವತ್ತೈದು. ಪಾಸಾದವರು ಉಳಿಯುತ್ತಾರೆ, ಆಗದವರ ಗುತ್ತಿಗೆ ಆ ತಿಂಗಳಿಗೇ ಮುಗಿಯುತ್ತದೆ. ಇಪ್ಪತ್ತು ಕಿಲೋ ತೂಕದ ಪೈಪಿನ ಸುರುಳಿ ಹೆಗಲಿಗೇರಿಸಿಕೊಂಡು ಠಾಣೆಯ ಅಂಗಳದ ಆರು ಮಹಡಿಯ ತರಬೇತಿ ಗೋಪುರ ಹತ್ತಿ ಇಳಿಯಬೇಕು. ಇದ್ದದ್ದು ಮೂರೇ ವಾರ.

ನಮ್ಮವರದು ಯಾವಾಗಲೂ ಅತಿ. ಮೊದಲ ದಿನ ಎರಡು ಸಲ ಹತ್ತಿದವರು ವಾರ ತುಂಬುವುದರೊಳಗೆ ಎಂಟು ಸಲ ಹತ್ತತೊಡಗಿದರು. ಆರನೆಯ ರಾತ್ರಿ ಹಾಸಿಗೆಯಿಂದ ಕಿರುಚಿ ಎದ್ದರು. ಎಡಗಾಲಿನ ಮೀನಖಂಡ ಗಂಟುಕಟ್ಟಿ ಕಲ್ಲಾಗಿತ್ತು. ಚರ್ಮದ ಕೆಳಗೆ ಅದು ಅಲುಗುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. ನಾನು ಗುದ್ದಿದೆ, ಉಜ್ಜಿದೆ, ಎಣ್ಣೆ ಹಚ್ಚಿದೆ. ಸುಡುವ ತೊಲೆ ಕೈಯಲ್ಲಿ ಎತ್ತಿದ ಗಂಡಸು ದಿಂಬು ಕಚ್ಚಿಕೊಂಡು ಅಳುತ್ತಿದ್ದರು. ಆಮೇಲೆ ಪ್ರತಿ ರಾತ್ರಿ ಅದೇ ಪಾಡು. ಹಿಡಿಯುತ್ತದೆಂಬ ಹೆದರಿಕೆಗೆ ಮಲಗುವುದನ್ನೇ ಬಿಟ್ಟು ಕುರ್ಚಿಯಲ್ಲಿ ಕೂತು ತೂಕಡಿಸತೊಡಗಿದರು.

ಠಾಣೆಯ ಜೊತೆಗಾರರೊಬ್ಬರಿಗೆ ಎತ್ತರದ ಕಾರಣಕ್ಕೆ ಏಣಿ ಎಂದೇ ಹೆಸರು. ಅವರು ಮನೆಗೆ ಬಂದು ತೀರ್ಪು ಕೊಟ್ಟರು: "ಬೆವರಲ್ಲಿ ಉಪ್ಪೆಲ್ಲ ಹರಿದು ಹೋಗ್ತಿದೆ ಅತ್ತಿಗೆ. ಉಪ್ಪು ತುಂಬ್ಸಿ, ಕಾಲು ತಾನೇ ಬಿಡುತ್ತೆ."

ನನಗೆ ಅಷ್ಟೇ ಸಾಕಾಗಿತ್ತು. ನೋವಿನ ಎದುರು ಕೈಕಟ್ಟಿ ಕೂತವಳ ಕೈಗೆ ಒಂದು ಕೆಲಸ ಸಿಕ್ಕಿತು. ದಿನಕ್ಕೆ ನಾಲ್ಕು ಲೋಟ ಉಪ್ಪುನೀರು ಕೊಟ್ಟೆ, ಊಟಕ್ಕೆ ಬೇರೆ ಹಾಕಿದೆ. ಐದು ದಿನವಾದರೂ ಕಾಲು ಬಿಡಲಿಲ್ಲ. ಉಪ್ಪು ಕಡಿಮೆ ಆಯಿತೇನೋ ಎಂದು ನಾನು ಇನ್ನಷ್ಟು ಹಾಕಿದೆ.

ಕೊನೆಗೆ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿ ವ್ಯಾಯಾಮ ಕಲಿಸುವ ಹುಡುಗಿಗೆ ಹೆಚ್ಚೆಂದರೆ ಇಪ್ಪತ್ತೈದು ವರ್ಷ. ಇವರ ಪಾದ ಹಿಡಿದು ನೋಡಿ ನಿಧಾನವಾಗಿ ಹೇಳಿದಳು.

"ಇದು ದಣಿವಿನ ಹಿಡಿತ ಸರ್. ಸ್ನಾಯುಗೆ ಬಿಗಿ ಅಂತ ಹೇಳೋ ನರ ಒಂದು, ಸಾಕು ಬಿಡು ಅಂತ ಹೇಳೋದು ಇನ್ನೊಂದು. ತುಂಬಾ ದಣಿದಾಗ ಮೊದಲನೇದು ಜೋರಾಗುತ್ತೆ, ಎರಡನೇದು ಮೆತ್ತಗಾಗುತ್ತೆ. ಮಲಗಿದಾಗ ಪಾದ ಕೆಳಗೆ ಚಾಚ್ಕೊಂಡಿರುತ್ತೆ, ಮೀನಖಂಡ ಮೊದಲೇ ಕುಗ್ಗಿರುತ್ತೆ. ಆವಾಗ ಸುಮ್ನೆ ಕಾಲಾಡಿಸಿದ್ರೂ ಹಿಡ್ಕೊಂಡು ಬಿಡುತ್ತೆ. ಪೂರ್ತಿ ಕಾರಣ ಇನ್ನೂ ಯಾರಿಗೂ ಗೊತ್ತಿಲ್ಲ, ಗೊತ್ತಿರೋದು ಇಷ್ಟು."

"ಮತ್ತೆ ಉಪ್ಪು?" ಎಂದೆ.

"ಕಾಲು ಹಿಡಿಯೋರ ರಕ್ತದಲ್ಲೂ ಹಿಡೀದೇ ಇರೋರ ರಕ್ತದಲ್ಲೂ ನೋಡಿದ್ರೆ ಉಪ್ಪು ಹೆಚ್ಚುಕಮ್ಮಿ ಒಂದೇ ಇರುತ್ತಮ್ಮ. ಗಂಟೆಗಟ್ಲೆ ಬೆವರು ಸುರಿಸಿ ಬರೀ ನೀರು ಕುಡಿಯೋರ ಮಾತು ಬೇರೆ. ಇವರು ಹತ್ತೋದು ಅರ್ಧ ಗಂಟೆ. ಬಿಟ್ಬಿಡಿ. ಬಿಪಿ ಯಾವಾಗ ನೋಡಿಸಿದ್ರಿ ಸರ್?"

"ನಂಗ್ಯಾಕೆ ಬಿಪಿ?" ಎಂದು ನಮ್ಮವರು ನಕ್ಕರು. ಹೋಗುವಾಗ ನೋಡಿಸಿಕೊಳ್ಳಿ ಎಂದಳು. ಅಲ್ಲಿ ಉದ್ದನೆಯ ಸಾಲಿತ್ತು, ನಾವು ನಿಲ್ಲಲಿಲ್ಲ.

ಹಿಡಿದಾಗ ಮೊಣಕಾಲು ನೆಟ್ಟಗೆ ಮಾಡಿ ಪಾದವನ್ನು ಮೈಕಡೆಗೆ ಎಳೆದು ಹಿಡಿಯಬೇಕು. ಹಾಗೆ ಎಳೆದಾಗಲೇ ಸಾಕು ಬಿಡು ಎನ್ನುವ ನರ ಎಚ್ಚರಗೊಳ್ಳುತ್ತದಂತೆ. ಮಲಗುವ ಮುಂಚೆ ಗೋಡೆಗೆ ಕೈಯೂರಿ, ಹಿಮ್ಮಡಿ ನೆಲಕ್ಕೊತ್ತಿ ಮೀನಖಂಡ ಎಳೆಯಬೇಕು. ಅದು ಕೆಲವರಿಗೆ ನಾಟುತ್ತದೆ, ಕೆಲವರಿಗೆ ಇಲ್ಲ. ಎಂಟು ಸಲ ಹತ್ತುವುದನ್ನು ನಾಲ್ಕಕ್ಕೆ ಇಳಿಸಲೇಬೇಕು. ಇಷ್ಟು ಹೇಳಿ ಕಳಿಸಿದಳು.

ನಮ್ಮವರು ಚಾಚೂ ತಪ್ಪದೆ ಪಾಲಿಸಿದರು. ಅದೇ ರಾತ್ರಿ ಹಿಡಿದಾಗ ಪಾದ ಎಳೆದರು, ಒಂದು ನಿಮಿಷಕ್ಕೆಲ್ಲ ಬಿಟ್ಟಿತು. ನಾಲ್ಕು ದಿನಕ್ಕೆ ಹಿಡಿತವೇ ಅಪರೂಪವಾಯಿತು.

ನಾನು ಮಾತ್ರ ಉಪ್ಪು ಬಿಡಲಿಲ್ಲ. ನಿನ್ನೆ ಮೊನ್ನೆಯ ಹುಡುಗಿ ನನಗೇನು ಹೇಳುವುದು ಎಂಬ ಜಂಬ ಒಂದು ಕಡೆ, ಬಿಟ್ಟರೆ ಮತ್ತೆ ಹಿಡಿದರೇನು ಗತಿ ಎಂಬ ಭಯ ಇನ್ನೊಂದು ಕಡೆ. ನಿಂಬೆರಸಕ್ಕೆ ಉಪ್ಪು ಸುರಿದು, ರುಚಿ ತಿಳಿಯದಂತೆ ಸಕ್ಕರೆ ಬೆರೆಸಿದೆ. ಯಾಕೋ ಬಾಯಾರಿಕೆ ಅಂದರೆ ಇನ್ನೊಂದು ಲೋಟ ಅದನ್ನೇ ಕೊಟ್ಟೆ. ಕಾಲು ವಾಸಿಯಾದದ್ದು ನನ್ನ ಉಪ್ಪಿನಿಂದಲೇ ಎಂದು ಒಳಗೊಳಗೇ ಬೀಗಿದೆ ಕೂಡ.

ಪರೀಕ್ಷೆಯ ದಿನ ಹತ್ತು ಗಂಟೆಗೆಲ್ಲ ಮನೆಗೆ ಬಂದರು. ಬೂಟು ಬಿಚ್ಚದೆ ಹೊಲಿಗೆ ಯಂತ್ರದ ಪಕ್ಕ ಕೂತರು.

"ಹತ್ತೋಕೇ ಬಿಡ್ಲಿಲ್ಲ ಕಣೇ. ಗೋಪುರದ ಕೆಳಗೆ ಬಿಪಿ ನೋಡಿದ್ರು. ನೂರೆಪ್ಪತ್ತೆರಡು. ಅರ್ಧ ಗಂಟೆ ಕೂರಿಸಿ ಮತ್ತೆ ನೋಡಿದ್ರು. ನೂರೆಪ್ಪತ್ತು. ನೂರೈವತ್ತು ದಾಟಿದ್ರೆ ಹತ್ತೋ ಹಾಗಿಲ್ಲ."

ಹೊಲಿಯುತ್ತಿದ್ದ ಬಟ್ಟೆಯನ್ನು ಯಂತ್ರದಿಂದ ಬಿಡಿಸಿ ಪಕ್ಕಕ್ಕಿಟ್ಟೆ.

"ನಾಲ್ಕು ದಿನ ಬಿಟ್ಟು ಇನ್ನೊಂದೇ ಒಂದು ಸಲ ನೋಡ್ತಾರಂತೆ. ಊಟಕ್ಕೆ ಉಪ್ಪು ಏನಾದ್ರೂ ಜಾಸ್ತಿ ಹಾಕ್ತಿದ್ಯಾ?"

"ಇಲ್ಲಪ್ಪ," ಎಂದೆ. ನಾಲಗೆ ನನ್ನದೇ, ಮಾತು ಮಾತ್ರ ನನಗಿಂತ ಮೊದಲೇ ಹೊರಬಿದ್ದಿತ್ತು. "ಆ ಹುಡುಗಿ ಹೇಳಿದ್ಮೇಲೆ ಬಿಟ್ಬಿಟ್ಟೆ."

"ಹಾಗಾದ್ರೆ ನನ್ನ ಮೈಯೇ ಸರಿಯಿಲ್ಲ," ಎಂದರು. ನಂಬಿದರು. ಅವರು ನಂಬಿದ್ದನ್ನು ನೋಡುವುದಕ್ಕಿಂತ ಎರಡು ಏಟು ತಿನ್ನುವುದು ವಾಸಿಯಿತ್ತು.

ಆ ಗಳಿಗೆಯಿಂದ ಉಪ್ಪು ನಿಲ್ಲಿಸಿದೆ. ಬಾಯಿ ಮಾತ್ರ ಬಿಡಲಿಲ್ಲ. ಎರಡು ದಿನ ಹಾಗೇ ಕಳೆದೆ. ಅವರು ಡಾಕ್ಟರ ಹತ್ತಿರ ಹೋಗಲೂ ಒಪ್ಪದೆ, ಮೈಯೇ ಕೈಕೊಟ್ಟ ಮೇಲೆ ಡಾಕ್ಟರು ಏನು ಮಾಡುತ್ತಾರೆ ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದರು. ಮೂರನೆಯ ದಿನ ಬಲವಂತವಾಗಿ ಎಬ್ಬಿಸಿ ಕರೆದುಕೊಂಡು ಹೋದೆ.

ಡಾಕ್ಟರು ಕೇಳಿದರು, "ಇತ್ತೀಚೆಗೆ ಊಟದಲ್ಲಿ ಏನಾದರೂ ಬದಲಾವಣೆ?"

"ಏನೂ ಇಲ್ಲ ಸರ್," ಎಂದರು ನಮ್ಮವರು.

"ಇದೆ," ಎಂದೆ. "ನಾನು ಇವ್ರಿಗೆ ಗೊತ್ತಿಲ್ದೆ ದಿನಾ ಉಪ್ಪು ಹಾಕ್ತಿದ್ದೆ. ನಿಂಬೆರಸದಲ್ಲಿ. ಮೂರು ದಿನದ ಹಿಂದಿನವರೆಗೂ."

ನಮ್ಮವರು ನನ್ನ ಕಡೆ ತಿರುಗಲಿಲ್ಲ. ಡಾಕ್ಟರ ಮೇಜನ್ನೇ ನೋಡುತ್ತ, "ಎಷ್ಟು ಹಾಕ್ತಿದ್ದೆ? ಸರಿಯಾಗಿ ಹೇಳು, ಅವರು ಬರ್ಕೋಬೇಕು," ಎಂದರು.

"ದಿನಕ್ಕೆ ಮೂರು ಚಮಚ."

ಡಾಕ್ಟರು ಲೇಖನಿ ಕೆಳಗಿಟ್ಟರು. ಬಿಪಿ ಮೊದಲಿನಿಂದಲೂ ಸ್ವಲ್ಪ ಇದ್ದಿರಬಹುದು, ಇವರಿಗೆ ತಿಳಿದಿರಲಿಕ್ಕಿಲ್ಲ; ನಿದ್ದೆಗೇಡೂ ಉಪ್ಪೂ ಸೇರಿ ಏರಿಸಿವೆ, ಯಾವುದು ಎಷ್ಟು ಎಂದು ಹೇಳಲಾಗದು ಎಂದರು. ಮಾತ್ರೆ ಬರೆದರು. "ಇಳಿಯುತ್ತೆ. ಆದ್ರೆ ಒಂದೇ ದಿನಕ್ಕೆ ಇಷ್ಟು ಇಳಿಯುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ಎರಡು ದಿನ ಮುಂಚೆ ಬರಬೇಕಿತ್ತು."

ಮಾರನೆಯ ದಿನ ಗೋಪುರದ ಕೆಳಗೆ ಬಂದದ್ದು ನೂರೈವತ್ತಾರು.

ಹತ್ತು ದಿನ ಬಿಟ್ಟು ನೋಡಿಸಿದಾಗ ನೂರ ಮೂವತ್ತೆಂಟು ಇತ್ತು. ಅಷ್ಟರಲ್ಲಿ ಸಮವಸ್ತ್ರ ಠಾಣೆಗೆ ಒಪ್ಪಿಸಿ ಆಗಿತ್ತು. ಈಗ ಒಂದು ಗೋದಾಮಿನ ಬಾಗಿಲಲ್ಲಿ ಹಗಲು ಕಾವಲಿದ್ದಾರೆ. ಮೆಟ್ಟಿಲು ಹತ್ತುವ ಕೆಲಸವಿಲ್ಲ, ಕಾಲು ಹಿಡಿಯುವುದಿಲ್ಲ, ರಾತ್ರಿಯೆಲ್ಲ ಒಳ್ಳೆಯ ನಿದ್ದೆ. ನನ್ನನ್ನು ಇವತ್ತಿನವರೆಗೂ ಒಂದು ಮಾತು ಬೈದಿಲ್ಲ. ಆದರೆ ನಾನು ನೀರಿನ ಲೋಟ ಕೊಟ್ಟರೆ ತೆಗೆದುಕೊಂಡು ಪಕ್ಕಕ್ಕಿಡುತ್ತಾರೆ, ಆಮೇಲೆ ತಾವೇ ಎದ್ದು ಹೋಗಿ ಬೇರೆ ನೀರು ತುಂಬಿಸಿಕೊಂಡು ಕುಡಿಯುತ್ತಾರೆ.