ಅತ್ತೆ ಕಾಯುತ್ತಿದ್ದ ಐದು ಡಾಲರ್

ನನ್ನ ಗಂಡ ಸತ್ತ ಮೂರು ತಿಂಗಳಿಗೆ ಅವರು ಎಲ್ಲೋ ಐದು ಡಾಲರ್ ಖರ್ಚು ಮಾಡಿದರೆಂದು ಅವರ ಮೊಬೈಲಿಗೆ ಮೆಸೇಜು ಬಂತು.

ಎರಡು ಸಾವಿರದ ಎಂಟರಲ್ಲಿ, ಕಾಫಿ ಕೊಯ್ಲು ಮುಗಿದ ಮೇಲೆ, ಬೆಳಗೋಡು ಕಡೆಯ ಬೆಳೆಗಾರರೆಲ್ಲ ಸೇರಿ ವಿಯೆಟ್ನಾಮಿನ ತೋಟ ನೋಡಲು ಹೋಗಿದ್ದರು. ಹೊರಡುವ ಮುಂಚೆ ನಮ್ಮವರು ಹಾಸನದ ಬ್ಯಾಂಕಿನಲ್ಲಿ ಒಂದು ಕಾರ್ಡಿಗೆ ಡಾಲರ್ ತುಂಬಿಸಿಕೊಂಡು ಬಂದರು. ಡಾಲರಿಗೆ ನಲವತ್ತು ರೂಪಾಯಿಯ ಆಸುಪಾಸು. ತುಂಬಿಸಿದ ದಿನದ ದರವೇ ದರ, ಆಮೇಲೆ ಡಾಲರ್ ಎಷ್ಟೇ ಏರಿದರೂ ಕಾರ್ಡಿನಲ್ಲಿ ಇರುವ ಡಾಲರ್ ಖರ್ಚು ಮಾಡಲು ಹೆಚ್ಚಿಗೆ ಕೊಡಬೇಕಿಲ್ಲ ಎಂದು ಖುಷಿಯಾಗಿದ್ದರು.

ವಾಪಸ್ ಬಂದಾಗ ನಲವತ್ತು ಡಾಲರ್ ಉಳಿದಿತ್ತು. "ಕೊಟ್ಟು ರೂಪಾಯಿ ಮಾಡ್ಕೊಂಡು ಬನ್ನಿ" ಎಂದೆ.

"ಇರ್ಲಿ ಬಿಡೆ ಮಾರಾಯ್ತಿ. ವಾಪಸ್ ಕೊಟ್ರೆ ಅವತ್ತಿನ ರೇಟು ಕೊಡ್ತಾರಂತೆ. ರೇಟ್ ಏರ್ಲಿ, ಆಗ ಕೊಡಾಣ."

ನಮ್ಮ ಕಡೆ ಕಾಫಿ ಚೀಲವನ್ನು ವ್ಯಾಪಾರಿಯ ಸ್ಟೋರಿನಲ್ಲಿ ಇಟ್ಟು ಬರುತ್ತಾರೆ. ದರ ಚೆನ್ನಾಗಿದೆ ಅನ್ನಿಸಿದ ದಿನ ಹೋಗಿ ರೇಟು ಮಾಡಿಸಿ ದುಡ್ಡು ತರುತ್ತಾರೆ. ಅಲ್ಲಿಯವರೆಗೆ ಚೀಲ ಅಲ್ಲೇ ಬಿದ್ದಿರುತ್ತದೆ, ಒಂದು ಬೀಜವೂ ಕಡಿಮೆಯಾಗುವುದಿಲ್ಲ. ಕಾರ್ಡೂ ಹಾಗೆಯೇ ಅಂದುಕೊಂಡರು. ಅದೇ ವರ್ಷ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ತೋಟ ನೋಡಲು ಹೋದವರು ಅಲ್ಲೇ ಎದೆ ಹಿಡಿದುಕೊಂಡು ಕೂತರು. ಎತ್ತಿಕೊಂಡು ಬರುವಷ್ಟರಲ್ಲಿ ಜೀವ ಇರಲಿಲ್ಲ.

ತೋಟದ ವ್ಯವಹಾರದ ಕರೆಗಳು ಬರುತ್ತಿದ್ದರಿಂದ ಅವರ ಮೊಬೈಲನ್ನು ನಾನು ಇಟ್ಟುಕೊಂಡಿದ್ದೆ. ಸಿಗ್ನಲ್ ಸಿಗುತ್ತಿದ್ದುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಅಕ್ಟೋಬರಿನ ಏಳರಂದು, ಮಂಜು ಇನ್ನೂ ಬಿಟ್ಟಿರಲಿಲ್ಲ, ಟ್ಯಾಂಕಿನ ಪಕ್ಕ ಅದು ಟಿಣ್ ಎಂದಿತು. ಕಾರ್ಡಿನಿಂದ ಐದು ಡಾಲರ್ ಕಳೆದಿದೆ, ಮೂವತ್ತೈದು ಉಳಿದಿದೆ. ಎಲ್ಲಿ, ಯಾತಕ್ಕೆ ಎಂದೇನೂ ಇರಲಿಲ್ಲ. ಕಾರ್ಡು ನನ್ನ ಬೀರುವಿನಲ್ಲೇ ಇತ್ತು.

ಅತ್ತೆಗೆ ಓದಿ ಹೇಳಿದ್ದು ನನ್ನದೇ ದಡ್ಡತನ.

ಅವರು ಅಳಲಿಲ್ಲ, ಹೆದರಲಿಲ್ಲ. "ಏನೋ ತಗಂಡು ತಿಂದವ್ನೆ ಕಣೇ" ಎಂದರು, ಮಗ ಸಕಲೇಶಪುರದ ಸಂತೆಗೆ ಹೋಗಿದ್ದಾನೆ ಅನ್ನುವ ಹಾಗೆ. ನವೆಂಬರಿನ ಏಳಕ್ಕೆ ಮತ್ತೆ ಐದು. ಡಿಸೆಂಬರಿನಲ್ಲೂ. ಆಮೇಲೆ ಪ್ರತಿ ಏಳಕ್ಕೂ ಅತ್ತೆ ಬೆಳಿಗ್ಗೆಯೇ ಮೊಬೈಲು ಹಿಡಿದು ಟ್ಯಾಂಕಿನ ಹತ್ತಿರ ನಿಲ್ಲತೊಡಗಿದರು. ಅದು ಟಿಣ್ ಎನ್ನುವವರೆಗೆ ಬಾಯಿಗೆ ಒಂದು ತೊಟ್ಟು ಕಾಫಿ ಹಾಕುತ್ತಿರಲಿಲ್ಲ. ಅವರ ಮೇಲೆ ಸಿಟ್ಟು ಬರುತ್ತಿತ್ತು. ಆದರೆ ನಾನೂ ಅಡುಗೆಮನೆಯಲ್ಲಿ ಕಿವಿ ಅತ್ತಲೇ ಇಟ್ಟಿರುತ್ತಿದ್ದೆ.

ಫೆಬ್ರವರಿಯಲ್ಲಿ ಹದಿನೈದು ಉಳಿಯಿತು. ಅತ್ತೆ ಬೆರಳು ಮಡಚಿದರು. "ಇನ್ನು ಮೂರೇ ತಿಂಗ್ಳು. ಆಮೇಲೆ ನನ್ ಮಗ ಉಪವಾಸ ಬೀಳ್ತಾನೆ. ಹೋಗಿ ಅದ್ಕೆ ಇನ್ನೊಂದಿಷ್ಟು ತುಂಬ್ಸು."

ಹಾಸನದ ಬ್ಯಾಂಕಿಗೆ ಹೋದೆ. ಕಾರ್ಡು ಮುಂದಿಟ್ಟು, ತುಂಬಿಸಬೇಕು ಎಂದೆ.

"ಈಗ ಇವತ್ತಿನ ದರ ಆಗುತ್ತೆ ಮೇಡಂ, ಐವತ್ತರ ಹತ್ತಿರ. ಹಳೇ ದರ ಆವತ್ತು ತುಂಬಿಸಿದ ಡಾಲರಿಗೆ ಮಾತ್ರ" ಎಂದ ಅಧಿಕಾರಿ ಒಂದು ಫಾರಂ ಎಳೆದುಕೊಂಡರು. "ಯಾವ ದೇಶಕ್ಕೆ ಹೋಗ್ತಿದ್ದಾರೆ? ಯಾವತ್ತು ಹೊರಡ್ತಾರೆ? ಹೋಗೋರದ್ದೇ ಪಾಸ್‌ಪೋರ್ಟು, ಅವರದ್ದೇ ಸಹಿ ಬೇಕು."

ತೋಟದ ಖಾತೆ ಬದಲಾವಣೆಗೆಂದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದ ಮರಣ ಪ್ರಮಾಣಪತ್ರ ತೆಗೆದು ಅವರ ಮುಂದಿಟ್ಟೆ.

ಅವರು ದನಿ ತಗ್ಗಿಸಿದರು. ಆರು ತಿಂಗಳು ಬಳಸದ ಕಾರ್ಡಿಗೆ ತಿಂಗಳು ತಿಂಗಳು ಐದು ಡಾಲರ್ ಶುಲ್ಕ ಬೀಳುತ್ತದಂತೆ. ಇನ್ನು ತುಂಬಿಸಲು ಬರುವುದಿಲ್ಲ. ಉಳಿದದ್ದನ್ನು ಇವತ್ತಿನ ಕೊಳ್ಳುವ ದರಕ್ಕೆ ರೂಪಾಯಿ ಮಾಡಿ, ಕಾಗದಪತ್ರ ನೋಡಿ ವಾರಸುದಾರರಿಗೆ ಕೊಡುತ್ತಾರೆ. ನಾನು ಸಹಿ ಹಾಕಿದೆ. ಅವರು ಕಾರ್ಡನ್ನು ಕತ್ತರಿಯಿಂದ ಎರಡು ತುಂಡು ಮಾಡಿದರು. ನೀವಂದ ಹಾಗೆ ದರ ಏರಿದ ಮೇಲೇ ಕೊಟ್ಟಂತಾಯಿತು ನೋಡಿ ಎಂದು ಮನಸ್ಸಿನಲ್ಲೇ ಗಂಡನಿಗೆ ಹೇಳಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಲೇ ಬಂದೆ.

"ತುಂಬ್ಸಿದ್ಯಾ?" ಮನೆಗೆ ಬರುತ್ತಿದ್ದಂತೆ ಕೇಳಿದರು ಅತ್ತೆ.

"ಹ್ಞೂಂ ಅತ್ತೆ."

ಮಾರ್ಚಿನ ಏಳು ಬಂತು. ಅತ್ತೆ ಟ್ಯಾಂಕಿನ ಹತ್ತಿರ ನಿಂತರು. ಮಂಜು ಬಿಟ್ಟಿತು, ಬಿಸಿಲು ಬಂತು, ಮೊಬೈಲು ಸದ್ದು ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೆ ತಡೆಯಲಾಗದೆ ನಿಜ ಹೇಳಿಬಿಡೋಣ ಎಂದು ಹೊರಗೆ ಬಂದೆ. ಅಷ್ಟರಲ್ಲಿ ಅವರೇ ನಗುನಗುತ್ತಾ ಮೆಟ್ಟಿಲು ಹತ್ತಿ ಬಂದು, ಕಾಲು ತೊಳೆದುಕೊಂಡು, ಬಾಗಿಲನ್ನು ಪೂರ್ತಿ ತೆಗೆದಿಟ್ಟರು.

"ಇವತ್ತು ಹೊರ್ಗಡೆ ತಿಂದಿಲ್ಲ ಅವ್ನು. ಮನೇಗ್ ಬಂದವ್ನೆ. ತಟ್ಟೆ ಹಾಕು."

"ಎಡೆ ಇಡ್ಲಾ ಅತ್ತೆ?"

"ಎಡೆ ಯಾಕೇ? ಸತ್ತೋರ್ಗೆ ಇಡೋದು ಅದು. ಅವ್ನು ಉಣ್ಣೋ ತಟ್ಟೆ ಹಾಕು, ಹಸ್ಕೊಂಡವ್ನೆ."

ನಾನು ನಮ್ಮವರ ತಟ್ಟೆ ತೆಗೆದು, ಒರೆಸಿ, ಬಿಸಿ ಅನ್ನ ಬಡಿಸಿದೆ.