ಗುರುತಿನ ಸಾಲು

ನಮ್ಮಪ್ಪ ಕೊಟ್ಟಿಗೆಯ ಗಿಡ್ಡ ಬಾಗಿಲಿಗೂ ತಲೆ ಬಗ್ಗಿಸಿದವರಲ್ಲ. ಹುಲ್ಲಿನ ಹೊರೆ ಎತ್ತಿಕೊಂಡು ಮಂಡಿ ಮಡಿಸಿ, ಕುಕ್ಕರಗಾಲಿನಲ್ಲೇ ನೆಟ್ಟಗೆ ಒಳಗೆ ಹೋಗುತ್ತಿದ್ದರು. ಅಮ್ಮ ನಕ್ಕರೆ, ‘ದೇವ್ರಿಗೆ ಬಗ್ಗಬೇಕು, ಬಾಗ್ಲಿಗಲ್ಲ ಕಣೇ’ ಎನ್ನುವರು. ಡೈರಿಯಲ್ಲಿ ಹಾಲಿನ ಡಿಗ್ರಿ ಕಮ್ಮಿ ಬಂತೆಂದರೆ ಯಂತ್ರದ್ದೇ ತಪ್ಪು, ಬಸ್ಸು ಹೊರಟುಹೋದರೆ ಡ್ರೈವರನ ತಪ್ಪು. ನಮ್ಮ ಚಿಕ್ಕಯ್ಯನಛತ್ರದ ಹೋಬಳಿಯಲ್ಲೇ ತಪ್ಪು ಮಾಡದ ಗಂಡಸೆಂದರೆ ಅವರೊಬ್ಬರೇ!

ಅಂಥವರು ಒಂದು ಮಾತಾಡಿ ತಮ್ಮನನ್ನೇ ಕಳೆದುಕೊಂಡಿದ್ದರು. ಚಿಕ್ಕಪ್ಪ ತಿ. ನರಸೀಪುರದಲ್ಲಿ ಹೆಂಡತಿಯ ಮನೆಯಲ್ಲಿದ್ದು ಮಾವನ ಗದ್ದೆ ನೋಡಿಕೊಳ್ಳುತ್ತಿದ್ದರು. ನಮ್ಮ ಗೃಹಪ್ರವೇಶದ ಊಟಕ್ಕೆ ಕುಳಿತಾಗ ಸಾಂಬಾರಿಗೆ ಉಪ್ಪು ಸಾಲದು ಎಂದರು, ಅಷ್ಟೇ. ಅಪ್ಪ ನೆಂಟರ ಮುಂದೆಯೇ, ‘ಯೆಂಡ್ತಿ ಮನೇಲಿ ಉಣ್ಣೋನು ನಮ್ಮನೆ ಉಪ್ಪಿನ ಮಾತು ಯಾಕ್ಲಾ ಆಡ್ತೀಯೆ?’ ಅಂದುಬಿಟ್ಟರು. ಚಿಕ್ಕಪ್ಪ ಎಲೆ ಬಿಟ್ಟು ಎದ್ದವರು ಮತ್ತೆ ನಮ್ಮಲ್ಲಿ ಒಂದು ತುತ್ತು ಉಣ್ಣಲಿಲ್ಲ. ನನ್ನ ಮದುವೆಗೆ ಕರೆಯಲು ಕುಂಕುಮ ಹಿಡಿದು ಹೋದ ಅಮ್ಮನಿಗೂ, ‘ಮಗಳ ಮದ್ವೆ, ಬತ್ತೀನಿ ಅತ್ತಿಗೆ. ಊಟಕ್ಕೆ ಮಾತ್ರ ಕರೀಬ್ಯಾಡಿ’ ಎಂದರಂತೆ. ಅದನ್ನು ಕೇಳಿದ ದಿನದಿಂದ ಅಪ್ಪ ತಟ್ಟೆಯಲ್ಲಿ ಅರ್ಧ ಮುದ್ದೆ ಬಿಡತೊಡಗಿದರು.

ಮದುವೆ ನಂಜನಗೂಡಿನ ಛತ್ರದಲ್ಲಿ. ಯಾವ ಯಾವ ಫೋಟೋ ಬೇಕೇಬೇಕು ಎಂದು ಮೊದಲೇ ವಾಟ್ಸಾಪ್ ಮಾಡಲು ಫೋಟೋಗ್ರಾಫರ್ ಹೇಳಿದ್ದ. ‘ಯಾರು ಯಾರೂಂತ ನಂಗೆ ಗೊತ್ತಾಗಲ್ಲ ಮೇಡಂ, ಒಬ್ಬೊಬ್ರಿಗೂ ಒಂದು ಗುರುತು ಬರೀರಿ’ ಎಂದೂ ಹೇಳಿದ್ದ. ಸರಿ, ನಾನು ಜಗಲಿಯಲ್ಲಿ ಕುಳಿತು ಬರೆದೆ. ಬಳೆ ತೊಡಿಸುವಾಗ ಕೈ ಹತ್ತಿರದಿಂದ. ಸೋದರಮಾವ ನನ್ನನ್ನು ಮಂಟಪಕ್ಕೆ ಕರೆತರುವುದು, ಎದುರಿನಿಂದ. ಅಂತರಪಟ ಸರಿದು ಜೀರಿಗೆ ಬೆಲ್ಲ ಹಾಕುವಾಗ ಇಬ್ಬರ ಮುಖವೂ ಇರಲಿ. ತಾಳಿ ಕಟ್ಟುವಾಗ ಅಕ್ಷತೆ ಹಾಕುವವರು ಅಡ್ಡ ಬರುತ್ತಾರೆ, ಮಂಟಪದ ಮೇಲೆ ನನ್ನ ಎಡಕ್ಕೆ ನಿಂತುಕೊಳ್ಳಿ. ಧಾರೆಯಲ್ಲಿ ಕೈ ಮೇಲಿನ ತೆಂಗಿನಕಾಯಿಗೆ ಹಾಲು ಬೀಳುವುದು. ಗುಂಪಿನ ಫೋಟೋಗಳೆಲ್ಲ ಊಟಕ್ಕೆ ಮುಂಚೆ, ಉಂಡವರು ಬಸ್ ಹಿಡಿಯುತ್ತಾರೆ. ಮೊದಲು ಅಜ್ಜಿ, ಅವಳಿಗೆ ನಿಲ್ಲಲಾಗದು, ಕುರ್ಚಿ ಹಾಕಿಸಿ. ಗುರುತು: ಬೆಳ್ಳಿ ಹಿಡಿಯ ಊರುಗೋಲು.

ಅಪ್ಪ ಬಂದು ಪಕ್ಕದಲ್ಲಿ ಕುಳಿತರು.

‘ಇನ್ನೊಂದು ಬರ್ಕೊ ಕಣವ್ವ. ನಾನೂ ನಿನ್ ಚಿಕ್ಕಪ್ಪನೂ. ಇಬ್ರೇ.’

‘ನೀವೇ ಕರೀಬಹುದಲ್ಲಪ್ಪ?’

‘ಯಾವ್ ಮಕ ಇಟ್ಕಂಡು ಕರೀಲಿ? ಫೋಟೋದೋನು ಕರುದ್ರೆ ಎಂಥವ್ರೂ ಬತ್ತಾರೆ.’

‘ಗುರುತು ಏನು ಬರೀಲಿ?’

ಅಂಗಳ ನೋಡುತ್ತ ಹೇಳಿದರು: ‘ಅಣ್ಣ ಆಡಬಾರದ್ದ ಆಡಿ ಎಲೆ ಮುಂದಿಂದ ಎಬ್ಬಿಸಿದ ತಮ್ಮ. ತಪ್ಪೆಲ್ಲ ಅಣ್ಣಂದೇ. ಕೈ ಹಿಡ್ದು ಕರ್ಕಬನ್ನಿ. ಅಂಗೇ ಬರಿ, ಒಂದಕ್ಷರ ಬಿಡಬ್ಯಾಡ.’ ಅಪ್ಪ ತಪ್ಪು ಒಪ್ಪಿಕೊಂಡದ್ದನ್ನು ಕೇಳಿದ್ದು ಅದೇ ಮೊದಲು. ಹಾಗೆಯೇ ಬರೆದು ಕಳಿಸಿದೆ.

ಧಾರೆ ಮುಗಿಯಿತು. ಪಂಕ್ತಿಗೆ ಎಲೆ ಹಾಕುತ್ತಿದ್ದರು. ಫೋಟೋಗ್ರಾಫರ್‌ಗೆ ಅವಸರ. ಪುರೋಹಿತರ ಮೈಕನ್ನೇ ತೆಗೆದುಕೊಂಡು, ಫೋನು ನೋಡಿಕೊಂಡು ಒಬ್ಬೊಬ್ಬರನ್ನೇ ಕರೆಯತೊಡಗಿದ. ಅಜ್ಜಿಯದಾಯಿತು, ಸೋದರಮಾವನದಾಯಿತು. ಆಮೇಲೆ, ಅಯ್ಯೋ, ಆ ಸಾಲನ್ನೂ ಓದಿಯೇಬಿಟ್ಟ! ‘ಅಣ್ಣ ಆಡಬಾರದ್ದ ಆಡಿ...’ ‘ತಪ್ಪೆಲ್ಲ ಅಣ್ಣಂದೇ’ ಎನ್ನುವ ಹೊತ್ತಿಗೆ ಅವನಿಗೇ ತಿಳಿದು ಮೈಕು ಕೆಳಗಿಳಿಸಿದ. ಅಷ್ಟರಲ್ಲಿ ಇಡೀ ಛತ್ರ ಕೇಳಿಯಾಗಿತ್ತು. ನಾಚಿಕೆಯಿಂದ ನನ್ನ ಕಿವಿ ಕಾದುಹೋದವು. ಕತ್ತಿನ ಹಾರದೊಳಗೆ ಮುಖ ಹುದುಗಿಸಿದೆ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪ ಮಂಟಪದ ಪಕ್ಕ ನಿಂತಿದ್ದರು. ಪೇಟ ಕಟ್ಟಿದ ಆ ತಲೆ ನಿಧಾನವಾಗಿ ಕೆಳಗೆ ಬಂದು ಎದೆಗೆ ತಾಗಿತು.

ಹಿಂದಿನ ಸಾಲಿನಿಂದ ಚಿಕ್ಕಪ್ಪ ಎದ್ದರು. ಹೊರಗೇ ಹೋಗುತ್ತಾರೆಂದುಕೊಂಡೆ. ಅವರು ನೇರವಾಗಿ ಬಂದು ಅಪ್ಪನ ಪಕ್ಕ ನಿಂತರು.

‘ತಲೆ ಎತ್ತಣ್ಣ, ಫೋಟೋ ತೆಗೀತಾವ್ರೆ.’

‘ಆಗಾಕಿಲ್ಲ ಕಣ್ಲಾ.’

‘ಸರಿ ಬುಡು. ಅಂಗೇ ತೆಗೀರಿ ಸಾ. ಬಿರ್ರನೆ ತೆಗೀರಿ, ಒಟ್ಟೆ ಅಸೀತದೆ.’

ಅಂದು ಅಪ್ಪ ಬಡಿಸುವವನ ಕೈಯಿಂದ ಬಕೆಟ್ಟು ಕಸಿದುಕೊಂಡು, ಸೊಂಟ ಬಗ್ಗಿಸಿ ತಮ್ಮನ ಎಲೆಗೆ ತಾವೇ ಸಾಂಬಾರು ಬಡಿಸಿದರು. ‘ಉಪ್ಪು?’ ಎಂದು ಮೆಲ್ಲಗೆ ಕೇಳಿದರು. ‘ಸರಿಯಾಗದೆ’ ಎಂದರು ಚಿಕ್ಕಪ್ಪ. ನಿಜ ಹೇಳಬೇಕೆಂದರೆ, ಅವತ್ತಿನ ಸಾಂಬಾರು ಉಪ್ಪುಪ್ಪಾಗಿತ್ತು.

ಹೋದ ವರ್ಷ ಅಪ್ಪ ತೀರಿಕೊಂಡರು. ಆ ಫೋಟೋ ದೊಡ್ಡದು ಮಾಡಿಸಬೇಕೆಂದು ಚಿಕ್ಕಪ್ಪ ನನ್ನೊಡನೆ ಸ್ಟುಡಿಯೋಗೆ ಬಂದರು. ಅದರಲ್ಲಿ ಅಪ್ಪನ ಪೇಟ ಕಾಣುತ್ತದೆಯೇ ಹೊರತು ಮುಖವಿಲ್ಲ. ಅಂದಿನ ಮೈಕಿನ ನಾಚಿಕೆ ಇನ್ನೂ ಹೋಗದ ಫೋಟೋಗ್ರಾಫರ್, ‘ಬೇರೆ ಫೋಟೋದಿಂದ ಅವ್ರ ಮುಖ ತಂದು ಕೂರಿಸ್ತೀನಿ ಯಜಮಾನ್ರೇ, ದುಡ್ಡು ಬೇಡ’ ಎಂದ.

‘ಬ್ಯಾಡಪ್ಪ’ ಎಂದರು ಚಿಕ್ಕಪ್ಪ. ‘ಮಕ ಎತ್ಕಂಡಿರೋ ಅಣ್ಣ ಎಲ್ಲಾ ಫೋಟೋದಲ್ಲೂ ಅವ್ನೆ. ನಂಗೆ ಇವ್ನೇ ಇರ್ಲಿ.’