ಇಷ್ಟು ಅಂದರೆ ಎಷ್ಟು

ನಾನು ಕೆಲಸ ಮಾಡುತ್ತಿದ್ದ ಹುಮನಾಬಾದಿನ ಪ್ರಿಂಟಿಂಗ್ ಪ್ರೆಸ್ ಮುಚ್ಚಿದ ಮೇಲೆ ನನ್ನ ಕೈಯಲ್ಲಿ ಉಳಿದದ್ದು ಕನ್ನಡ ಟೈಪಿಂಗ್ ಒಂದೇ. ಮದುವೆ ಕಾರ್ಡು, ಪಂಚಾಂಗ, ಅಂಗಡಿಯ ಪಾವತಿ ಪುಸ್ತಕ ಎಲ್ಲ ಮಾಡಿದ ಕೈ ಅದು. ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಒಂದು ಖೋಲಿ, ಒಂದು ಸ್ಟೋವು, ಕಿಟಕಿಯ ಕೆಳಗೆ ಲಾರಿಗಳ ಸದ್ದು. ಆಗ ಒಂದು ಆರೋಗ್ಯ ಸಂಸ್ಥೆಯವರು ತಮ್ಮ ವಿಡಿಯೋಗಳಿಗೆ ಕನ್ನಡ ಅಕ್ಷರ ಕೂರಿಸುವವರು ಬೇಕು ಎಂದು ವಿಚಾರಿಸುತ್ತಿದ್ದರು. ಕಿವಿ ಕೇಳದವರು ಓದಲು ಕ್ಯಾಪ್ಷನ್, ಕಣ್ಣು ಕಾಣದವರು ಕೇಳಲು ದೃಶ್ಯದ ವಿವರಣೆ, ಎರಡೂ ಬೇಕು ಎಂದರು. ಟೈಪಿಂಗ್ ಬರುತ್ತದೆ ಎಂದೆ. ದನಿ ಸ್ಪಷ್ಟವಾಗಿದೆ ಎಂದು ವಿವರಣೆಯನ್ನೂ ನನಗೇ ಕೊಟ್ಟರು.

ಎಡಿಟಿಂಗ್ ನಡೆಯುತ್ತಿದ್ದದ್ದು ಮದುವೆ ವಿಡಿಯೋ ಮಾಡುವ ಒಂದು ಸ್ಟುಡಿಯೋದಲ್ಲಿ. ಮಾಲೀಕ ನನಗಿಂತ ಹತ್ತು ವರ್ಷ ಚಿಕ್ಕವನು. ಅವನ ಹೆಂಡತಿಗೆ ಹುಟ್ಟಿನಿಂದ ಕಿವಿ ಕೇಳದು. ಆಕೆ ಆಲ್ಬಮ್ ವಿಭಾಗ ನೋಡಿಕೊಳ್ಳುತ್ತಿದ್ದಳು. ಕೈಸನ್ನೆಯೇ ಆಕೆಯ ಮಾತು. ಕನ್ನಡ ಓದಲು ಬರುತ್ತಿತ್ತು, ಆದರೆ ಅದು ಆಕೆಗೆ ಎರಡನೆಯ ಭಾಷೆ. ನಿಧಾನವಾಗಿ ಓದುತ್ತಿದ್ದಳು.

ಮೊದಲ ವಿಡಿಯೋ ಮೋರಖಂಡಿ ಎಂಬ ಹಳ್ಳಿಯಲ್ಲಿ ಚಿತ್ರಿಸಿದ್ದು. ಭೇದಿಯಾದ ಮಗುವಿಗೆ ಮನೆಯಲ್ಲೇ ಉಪ್ಪು ಸಕ್ಕರೆಯ ನೀರು ಕಲಸುವುದು ಹೇಗೆ ಎಂದು ಅಲ್ಲಿನವರು ಬಾಯಿ ಎಂದು ಕರೆಯುವ ಅಂಗನವಾಡಿ ಕಾರ್ಯಕರ್ತೆಯೊಬ್ಬರು ತೋರಿಸುತ್ತಾರೆ. ಅವರ ಮಾತು ಹುರಿದ ಜೋಳದ ಹಾಗೆ ಪಟಪಟ. ನಾನು ಒಂದು ಶಬ್ದವನ್ನೂ ಬಿಡದೆ ಟೈಪ್ ಮಾಡಿ ಕೂರಿಸಿದೆ. ಓದುವ ವೇಗ ಸರಿಯಿದೆಯೇ ಎಂದು ಅಳೆಯುವ ಸೌಲಭ್ಯ ಸಾಫ್ಟ್‌ವೇರಿನಲ್ಲಿತ್ತು. ಆದರೆ ಅದು ನಮ್ಮ ಒತ್ತಕ್ಷರ, ಗುಣಿತದ ಗುರುತುಗಳನ್ನೆಲ್ಲ ಬೇರೆ ಬೇರೆ ಅಕ್ಷರವೆಂದು ಎಣಿಸುತ್ತಿತ್ತು. 'ಸ್ವಚ್ಛ' ಎಂಬ ಎರಡಕ್ಷರದ ಮಾತನ್ನು ಆರು ಎಂದು ತೋರಿಸಿತು. ಆ ಲೆಕ್ಕವನ್ನು ನಂಬುವುದು ಬಿಟ್ಟು ಮಾಲೀಕನ ಹೆಂಡತಿಯನ್ನೇ ಕರೆದು ಪರದೆಯ ಮುಂದೆ ಕೂರಿಸಿದೆ.

ಆಕೆ ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಎರಡು ಬೆರಳು ಕಣ್ಣಿನ ಹತ್ತಿರ ಹಿಡಿದು ಪರದೆಯ ಕೆಳಗೆ ತೋರಿಸಿದಳು, ಮತ್ತೆ ಮೇಲೆ ತೋರಿಸಿ ಎರಡೂ ಕೈ ಅಗಲಿಸಿಬಿಟ್ಟಳು.

"ಏನಂತಾಳ?" ಎಂದು ಕೇಳಿದೆ.

"ಅಕ್ಕಾರ, ಅಕ್ಷರ ಓದಿದ್ರ ಕಲಸೋ ಕೈ ಕಾಣಂಗಿಲ್ಲ, ಕೈ ನೋಡಿದ್ರ ಅಕ್ಷರ ಓಡಿ ಹೋಗ್ತಾವ ಅಂತಾಳ್ರಿ," ಎಂದ ಮಾಲೀಕ. "ಇನ್ನೊಂದು ಅದ. ಚಮಚದ ಮ್ಯಾಲೇ ಅಕ್ಷರ ಕುಂತಾವ. ಬಿಳಿ ಉಪ್ಪಿನ ಮ್ಯಾಲೆ ಹಳದಿ, ಏನೂ ತಿಳೀವಲ್ದು ಅಂತಾಳ."

ಹಳದಿ ಅವನ ಆಯ್ಕೆ. ಮದುವೆ ವಿಡಿಯೋದಲ್ಲಿ ವಧೂವರರ ಹೆಸರಿಗೆ ಆ ಬಣ್ಣ ಹೊಳೆಯುತ್ತಿತ್ತಂತೆ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ವ್ಯತ್ಯಾಸವನ್ನು ಅಳೆದು ನೋಡಿದೆವು. ಕಡಿಮೆಯೆಂದರೂ ಒಂದಕ್ಕೆ ನಾಲ್ಕೂವರೆ ಇರಬೇಕಾದ ಕಡೆ ಇದು ಒಂದಕ್ಕೆ ಒಂದರ ಹತ್ತಿರವಿತ್ತು. ಅಂದರೆ ಇದ್ದೂ ಇಲ್ಲದ ಹಾಗೆ. ಬಿಳಿ ಅಕ್ಷರ ಮಾಡಿ ಹಿಂದೆ ಕಪ್ಪು ಪಟ್ಟಿ ಹಾಕಿದೆವು. ಚಮಚ ಬರುವ ಕಡೆಯೆಲ್ಲ ಕ್ಯಾಪ್ಷನ್ನನ್ನು ಮೇಲಕ್ಕೆ ಎತ್ತಿದೆವು. ನಾನು "ನೋಡ್ರಿ", "ಮತ್ತ", "ಅಂದ್ರ" ಎಂಬ ತುಂಬುಮಾತುಗಳನ್ನು ತೆಗೆದು ಉದ್ದ ವಾಕ್ಯ ಒಡೆದೆ. ಮಾತು ಮುಗಿದ ಮೇಲೂ ಅಕ್ಷರ ತುಸು ಹೊತ್ತು ನಿಲ್ಲುವಂತೆ ಮಾಡಿದೆ. ಬಾಯಿಯವರ ಮಾತಿನ ಚಂದವನ್ನು ಕತ್ತರಿಸುತ್ತಿದ್ದೇನೆ ಎಂದು ಬೇಸರವಾಯಿತು. ಆದರೆ ಈ ಸಲ ಮಾಲೀಕನ ಹೆಂಡತಿ ಕೊನೆಯವರೆಗೆ ನೋಡಿ ಬೆರಳಲ್ಲೇ ಸಕ್ಕರೆಯ ಚಮಚ ಎಣಿಸಿದಳು. ಆರು. ಸರಿಯಾಗಿತ್ತು.

ವಿವರಣೆಯ ದನಿಯನ್ನು ಸ್ಟುಡಿಯೋದ ಹಿಂದಿನ ಖೋಲಿಯಲ್ಲಿ ಮುದ್ರಿಸಿದೆವು. ಗೋಡೆಗೆ ಗಾದಿ ಒರಗಿಸಿ, ಫ್ಯಾನ್ ಬಂದ್ ಮಾಡಿ, ಬಾಗಿಲು ಹಾಕಿಕೊಂಡು ಒಬ್ಬಳೇ ಕೂತೆ. ಮೊದಲ ಸಾಲು ಹೇಳುತ್ತಲೇ ಮಾಲೀಕ ಹೊರಗಿನಿಂದ ನಿಲ್ಲಿಸಿದ.

"ಅಕ್ಕಾರ, ದನಿ ಯಾಕ ಕುಂತದ? ನೆಗಡಿ ಆಗ್ಯದೇನ್ರಿ?"

ನೆಗಡಿಯಾಗಿರಲಿಲ್ಲ. ಹಿಂದಿನ ದಿನ ಸಂಜೆ ಇಲ್ಲಿಂದ ಹೋದ ಮೇಲೆ ನಾನು ಯಾರೊಂದಿಗೂ ಮಾತಾಡಿರಲಿಲ್ಲ. ಹಾಲಿನ ಪಾಕೀಟು ತಂದಾಗಲೂ ದುಡ್ಡು ಇಟ್ಟು ಬಂದಿದ್ದೆ. ಅದನ್ನು ಅವನಿಗೆ ಹೇಗೆ ಹೇಳುವುದು? ನೀರು ಕುಡಿದು ಮತ್ತೆ ಶುರು ಮಾಡಿದೆ.

ಸಂಸ್ಥೆಯವರ ನಿಯಮವೊಂದಿತ್ತು. ಕಣ್ಣು ಕಾಣದವರೊಬ್ಬರು ಕೇಳಿ ಒಪ್ಪಿದ ಮೇಲೆಯೇ ವಿಡಿಯೋ ಹೊರಗೆ ಹೋಗಬೇಕು. ಬಸವಕಲ್ಯಾಣದಲ್ಲಿ ಒಬ್ಬ ನಿವೃತ್ತ ಟೀಚರ್ ಇದ್ದರು. ನಡುವಯಸ್ಸಿನಲ್ಲಿ ಕಣ್ಣಿನೊಳಗೆ ಒತ್ತಡ ಹೆಚ್ಚಿ ದೃಷ್ಟಿ ಹೋಗಿತ್ತು. ಊರಲ್ಲಿ ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಬಸ್ಸಿಳಿದು ಕೋಟೆಯ ಕಡೆಯ ಗಲ್ಲಿಯಲ್ಲಿ ಅವರ ಮನೆ. ಇಬ್ಬರು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಬಾಗಿಲ ತುಂಬ ಚಪ್ಪಲಿ. ಅಂಥ ತುಂಬಿದ ಮನೆಗೆ ಕಾಲಿಟ್ಟು ಎಷ್ಟು ಕಾಲವಾಗಿತ್ತೋ.

ಆಪಾ ಮಂಚದ ಮೇಲೆ ಕೂತು ಫೋನನ್ನು ಕಿವಿಗೆ ಹಿಡಿದು ಕೇಳಿದರು. ಅಂಗನವಾಡಿಯ ಬಾಯಿ "ಉಪ್ಪು ಇಷ್ಟ ಹಾಕ್ರಿ, ಇದಕಿಂತ ಜಾಸ್ತಿ ಬ್ಯಾಡ" ಎನ್ನುವಲ್ಲಿ ಕೈ ಎತ್ತಿದರು.

"ಇಷ್ಟ ಅಂದ್ರ ಎಷ್ಟ್ರಿ?"

"ನಾ ಹೇಳೀನಲ್ರಿ ಆಪಾ, ಕಾರ್ಯಕರ್ತೆ ಚಮಚದಲ್ಲಿ ಉಪ್ಪು ತೋರಿಸುತ್ತಾರೆ ಅಂತ."

"ತೋರಿಸ್ತಾಳ ಅಂತ ಗೊತ್ತಾತು. ಎಷ್ಟ ತೋರಿಸ್ತಾಳ? ಸೊಸೆಯಂದಿರು ಕೆಲಸಕ್ಕ ಹೋದ್ರ ಕೂಸು ನನ್ನ ಕೂಡೇ ಇರ್ತದ. ನೀರು ಕಲಸಾಕಿ ನಾನೇ. ಉಪ್ಪು ಜಾಸ್ತಿ ಆದ್ರ ಕೂಸಿಗಿ ಧಕ್ಕಿ ಅದ, ಹೌದಲ್ಲ?"

ಹೌದು. 'ಇಷ್ಟ ಹಾಕ್ರಿ', 'ಜಾಸ್ತಿ ಬ್ಯಾಡ' ಎಂಬ ಎರಡು ಮಾತುಗಳ ನಡುವೆ ಇದ್ದ ಬಿಡುವು ಬಹಳ ಸಣ್ಣದು. ಅದರಲ್ಲಿ ಹಿಡಿಸಲೆಂದು ನಾನು ವಾಕ್ಯವನ್ನು ಚಿಕ್ಕದು ಮಾಡಿದ್ದೆ. ಚಿಕ್ಕದು ಮಾಡುವಾಗ ಇರಬೇಕಾದದ್ದೇ ಬಿದ್ದುಹೋಗಿತ್ತು.

ಮುಂದೆ ಕೇಳಿದರು. ಕೊನೆಯಲ್ಲಿ ಯಾರೂ ಮಾತಾಡುವುದಿಲ್ಲ. ತಾಯಿ ಮಗುವಿಗೆ ಕುಡಿಸುತ್ತಾಳೆ, ಹಿಂದೆ ಸಂಗೀತ ಬರುತ್ತದೆ. ಅಲ್ಲಿ ನನ್ನ ದನಿ ಯಾಕೆ ಎಂದು ಖಾಲಿ ಬಿಟ್ಟಿದ್ದೆ. ಆಪಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. ಆಮೇಲೆ ಕೇಳಿದರು.

"ಎಲ್ಲಾರೂ ಎದ್ದ ಹೋದರೇನ್ರಿ?"

"ಇಲ್ರಿ ಆಪಾ, ತಾಯಿ ನೀರು ಕುಡಿಸಾಕತ್ತಾಳ."

"ಹಂಗೇನು. ನನಗ ಒಬ್ಬಾಕಿನ್ನೇ ಬಿಟ್ಟ ಹೋದ್ರು ಅನಿಸ್ತು." ಅವರು ನಕ್ಕರು. "ನಮ್ಮ ಮನ್ಯಾಗೂ ಹಂಗೇ ತಂಗಿ. ಟೀವಿ ಮುಂದ ಎಲ್ಲಾರೂ ಕುಂತಿರ್ತಾರ. ಒಮ್ಮೆಲೇ ನಗ್ತಾರ. ಏನಾತು ಅಂತ ಕೇಳಿದ್ರ, ಮೊಮ್ಮಕ್ಕಳು ಏನಿಲ್ಲ ದಾದಿ ಅಂತಾರ. ಹೇಳೂತನಕ ಮುಂದಿನದು ಬಂದ ಬಿಟ್ಟಿರ್ತದ. ಅವರದೇನ್ ತಪ್ಪಿಲ್ಲ ಬಿಡ್ರಿ."

ಪಕ್ಕದ ಖೋಲಿಯಲ್ಲಿ ಸೊಸೆಯಂದಿರು ಏನೋ ಮಾತಾಡುತ್ತಿದ್ದರು, ಪಾತ್ರೆ ಸದ್ದಾಗುತ್ತಿತ್ತು. ಒಂಟಿತನ ನನ್ನದರಂಥ ಖೋಲಿಗಳಲ್ಲಿ ಮಾತ್ರ ಇರುತ್ತದೆ ಎಂದುಕೊಂಡಿದ್ದವಳು ನಾನು.

ಹುಮನಾಬಾದಿಗೆ ವಾಪಸು ಬಂದು ಮಾಲೀಕನಿಗೆ ಹೇಳಿದೆ. ಬಿಡುವು ಸಾಲದ ಕಡೆ ಚಿತ್ರವನ್ನೇ ನಿಲ್ಲಿಸಿ ವಿವರಣೆ ಹೇಳಬೇಕು, ಮುಗಿದ ಮೇಲೆ ಚಿತ್ರ ಮುಂದೆ ಹೋಗಬೇಕು.

"ನೋಡೋರಿಗಿ ವಿಡಿಯೋ ಅಟಕಿದಂಗ ಕಾಣ್ತದಲ್ರಿ," ಎಂದ ಅವನು.

"ಇದು ಬ್ಯಾರೇ ಪ್ರತಿ ಇರ್ಲಿ. ಬೇಕಾದವರು ಇದನ್ನ ಹಚ್ಚಕೋತಾರ."

ಒಪ್ಪಿದ. ಹೊಸದಾಗಿ ಬರೆದೆ: 'ಒಂದು ಲೀಟರ್ ಸ್ವಚ್ಛ ನೀರು. ಚಹಾದ ಚಮಚದಿಂದ ಆರು ಚಮಚ ಸಕ್ಕರೆ. ಪ್ರತಿ ಚಮಚವನ್ನೂ ಬೆರಳಿಂದ ಸವರಿ ಮಟ್ಟ ಮಾಡುತ್ತಾರೆ. ಅದೇ ಚಮಚದಿಂದ ಅರ್ಧ ಚಮಚ ಉಪ್ಪು.' ಕೊನೆಯ ದೃಶ್ಯಕ್ಕೆ 'ತಾಯಿ ಪ್ರೀತಿಯಿಂದ ಕುಡಿಸುತ್ತಾಳೆ' ಎಂದು ಬರೆದು ಫೋನಿನಲ್ಲಿ ಆಪಾಗೆ ಓದಿ ಹೇಳಿದೆ.

"ಪ್ರೀತಿ ಅಂತ ನೀವು ಹೇಳಬ್ಯಾಡ್ರಿ ತಂಗಿ. ಆಕಿ ಏನ್ ಮಾಡ್ತಾಳ ಹೇಳ್ರಿ, ಪ್ರೀತಿ ಅದನೋ ಇಲ್ಲೋ ನಾ ತಿಳಕೋತೀನಿ."

ಆ ಸಂಜೆ ನನ್ನ ಖೋಲಿಯಲ್ಲಿ ಕೂತು ಆ ಕೆಲವೇ ಸೆಕೆಂಡುಗಳನ್ನು ಹಿಂದೆ ಮುಂದೆ ಎಳೆದು ನೋಡಿದೆ. ತಾಯಿ ಮಗುವಿನ ತಲೆ ತುಸು ಎತ್ತುತ್ತಾಳೆ. ಚಮಚ ಬಾಯಿಗೆ ಹಿಡಿಯುತ್ತಾಳೆ. ಮಗು ಮುಖ ತಿರುವುತ್ತದೆ. ತಾಯಿ ಕಾಯುತ್ತಾಳೆ. ಮತ್ತೆ ಚಮಚ. ಮಗು ಗುಟುಕು ತಗೊಂಡು ಪುರ್ರನೆ ತಾಯಿಯ ಮುಖಕ್ಕೇ ಉಗುಳುತ್ತದೆ. ತಾಯಿ ಕಣ್ಣು ಮುಚ್ಚಿ ತೆರೆದು, ಸೆರಗಿನಿಂದ ಮೊದಲು ಮಗುವಿನ ಬಾಯಿ ಒರೆಸುತ್ತಾಳೆ. ಅಷ್ಟು ದಿನ ಅದೇ ವಿಡಿಯೋ ಕತ್ತರಿಸಿದ್ದರೂ ಆ ಸೆರಗನ್ನು ನಾನು ನೋಡಿರಲಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಓದಿಕೊಂಡಾಗ ಖೋಲಿಯಲ್ಲಿ ನನ್ನದೇ ದನಿ ಬೇರೆಯವರ ದನಿಯಂತೆ ಕೇಳಿಸಿತು.

ಹೊಸ ಪ್ರತಿ ಹಿಡಿದು ಮತ್ತೆ ಬಸವಕಲ್ಯಾಣಕ್ಕೆ ಹೋದೆ. ಅಂದು ರವಿವಾರ, ಎಲ್ಲರೂ ಮನೆಯಲ್ಲಿದ್ದರು. ಆಪಾ ಫೋನಿನಲ್ಲಿ ಬೇಡ, ಟೀವಿಗೇ ಹಚ್ಚಿರಿ ಎಂದರು. ಚಿತ್ರ ಮೊದಲ ಸಲ ನಿಂತಾಗ ದೊಡ್ಡ ಮೊಮ್ಮಗಳು, "ನೆಟ್ ಹೋಯ್ತಾ? ನಡುವ ಯಾರಿದು ಮಾತಾಡೋದು?" ಎಂದಳು.

"ನನ್ನ ಸಲುವಾಗಿ ಮಾತಾಡಾಕತ್ತಾರ, ಸುಮ್ಮ ಕೂಡು," ಎಂದರು ಆಪಾ.

'ಅರ್ಧ ಚಮಚ ಉಪ್ಪು' ಎಂದಾಗ ತಲೆಯಾಡಿಸಿದರು. ಕೊನೆಯ ದೃಶ್ಯ ಬಂತು. ನನ್ನ ದನಿ 'ಮಗು ಪುರ್ರನೆ ಉಗುಳುತ್ತದೆ' ಎನ್ನುವುದಕ್ಕೂ ಮಗು ಉಗುಳುವುದಕ್ಕೂ ಸರಿಹೋಯಿತು. ಮನೆಯೆಲ್ಲ ನಕ್ಕಿತು. ಆಪಾ ಕೂಡ ನಕ್ಕರು, ಎಲ್ಲರ ಜೊತೆಗೇ, ಒಂದು ಉಸಿರೂ ತಡವಾಗದೆ. ನಗುತ್ತ ಪಕ್ಕದಲ್ಲಿದ್ದ ಮೊಮ್ಮಗಳ ತೊಡೆಗೆ ಹೊಡೆದರು. ಆ ಹುಡುಗಿ ಒಮ್ಮೆ ಅಜ್ಜಿಯ ಮುಖ ನೋಡಿ ಅವರ ಭುಜಕ್ಕೆ ಒರಗಿದಳು.

ಆಮೇಲೆ ಅವರೆಲ್ಲ ಮಗುವಿನ ಬಗ್ಗೆ, ತಮ್ಮ ಮನೆಯ ಕೂಸುಗಳ ಬಗ್ಗೆ ಒಬ್ಬರ ಮೇಲೊಬ್ಬರು ಮಾತಾಡಿದರು. ಯಾರೋ ನನ್ನ ಕೈಗೆ ಚಹಾ ಕೊಟ್ಟರು. ಕುಡಿದು, ಬರ್ತೀನ್ರಿ ಎಂದೆ. ಗದ್ದಲದಲ್ಲಿ ಕೇಳಿಸಿತೋ ಇಲ್ಲವೋ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು, ಹುಮನಾಬಾದಿನವರೆಗೂ ಖಾಲಿಯೇ ಬಂತು. ಸಂತೋಷವೂ ಇತ್ತು, ಅದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಮುಂದಿನ ವಿಡಿಯೋಗಳಿಗೆ ಸಂಸ್ಥೆಯವರು ಕಂಪ್ಯೂಟರಿನ ದನಿ ಬಳಸಲು ತೀರ್ಮಾನಿಸಿದರು. ವಿವರಣೆ ನಾನು ಬರೆದುಕೊಟ್ಟರೆ ಸಾಕು, ಓದುವುದು ಯಂತ್ರ. ತಪ್ಪೇನಿಲ್ಲ, ತಿದ್ದುವುದು ಸುಲಭ, ಬೇಗನೂ ಆಗುತ್ತದೆ. ಆದರೂ ಅಂಥ ಒಂದು ವಿಡಿಯೋ ಆಪಾಗೆ ಕಳಿಸಿ, ಫೋನ್ ಮಾಡಿ ಆ ದನಿ ಹೇಗಿದೆ ಎಂದು ಕೇಳಿದೆ.

"ಚಲೋ ಅದರಿ. ಸಾಫ್ ಕೇಳಸ್ತದ," ಎಂದರು. "ಖರೆ ಹೇಳ್ತೀನಿ, ಬ್ಯಾಸರ ಮಾಡಕೋಬ್ಯಾಡ್ರಿ. ನಿಮ್ಮ ದನಿ ಭಾಳ ನಿಧಾನ. ನಾ ಅದನ್ನೂ ವೇಗ ಜಾಸ್ತಿ ಮಾಡಿ ಕೇಳ್ತಿದ್ದೆ. ನಮಗ ಫೋನು ಪಟಪಟ ಓದಿ ಹೇಳೋದು ಕೇಳಿ ಕೇಳಿ ರೂಢಿ ಆಗ್ಯದ."

ನಾನು ನಕ್ಕೆ. ಏನೋ ಹೇಳಲು ಹೊರಟಿದ್ದರು, ಅಷ್ಟರಲ್ಲಿ ಆ ಕಡೆ ಯಾರೋ ಕರೆದರು. "ಬರ್ರಿ ತಂಗಿ ಒಮ್ಮೆ, ಕೆಲಸ ಇಲ್ದಿದ್ರೂ ಬರ್ರಿ," ಎಂದು ಫೋನಿಟ್ಟರು.

ಹೋಗಬೇಕೆಂದುಕೊಂಡಿದ್ದೇನೆ, ಇನ್ನೂ ಹೋಗಿಲ್ಲ. ಅಂದು ಫೋನ್ ಕೆಳಗಿಟ್ಟು ಮುಂದಿನ ವಿಡಿಯೋ ತೆರೆದೆ. ಮಂಠಾಳದ ಒಂದು ಮನೆ, ಅಂಗಳದಲ್ಲಿ ಮೂವರು ಹೆಂಗಸರು, ಯಾರೂ ಮಾತಾಡುತ್ತಿಲ್ಲ. ಅವರು ಏನು ಮಾಡುತ್ತಿದ್ದಾರೆ ಎಂದು ನೋಡತೊಡಗಿದೆ.